ಹಾಫ್ನಿಯಂ ಗಾತ್ರ ಯಾಕೆ ಜಿರ್ಕೋನಿಯಂನಷ್ಟೇ ಇದೆ? ಲ್ಯಾಂಥನಾಯ್ಡ್ ಸಂಕೋಚನದ ಬಗ್ಗೆ ಪದೇ ಪದೇ ಕೇಳುವ ಪ್ರಶ್ನೆಗಳು

ಲ್ಯಾಂಥನಾಯ್ಡ್ ಸಂಕೋಚನದ ಬಗ್ಗೆ ಪಠ್ಯಪುಸ್ತಕದಲ್ಲಿ ಸಾಮಾನ್ಯವಾಗಿ ನಾಲ್ಕೈದು ಸಾಲು ಇರುತ್ತವೆ. "4f ಎಲೆಕ್ಟ್ರಾನುಗಳ ಮರೆ ಸಾಲದು, ಹಾಗಾಗಿ ಗಾತ್ರ ಕುಗ್ಗುತ್ತದೆ, ಹಾಗಾಗಿ ಜಿರ್ಕೋನಿಯಂ ಮತ್ತು ಹಾಫ್ನಿಯಂ ಒಂದೇ ಗಾತ್ರ." ಬಾಯಿಪಾಠ ಮಾಡಿದರೆ ಅಂಕ ಬರುತ್ತದೆ, ಆದರೆ ಪ್ರಶ್ನೆಗಳು ಉಳಿದುಬಿಡುತ್ತವೆ. ಆ ಉಳಿದ ಪ್ರಶ್ನೆಗಳನ್ನು ಇಲ್ಲಿ ತೆಗೆದುಕೊಂಡಿದ್ದೇನೆ. ಹೆಚ್ಚಿನ ಉತ್ತರಗಳು ಜಿರ್ಕೋನಿಯಂ–ಹಾಫ್ನಿಯಂ ಜೋಡಿಯ ಸುತ್ತಲೇ ಓಡಾಡುತ್ತವೆ. ಈ ವಿಷಯ ಅರ್ಥವಾಗಲು ಅದಕ್ಕಿಂತ ಒಳ್ಳೆಯ ಉದಾಹರಣೆ ನನಗೆ ಗೊತ್ತಿಲ್ಲ.

ಮೊದಲಿಗೆ, ಲ್ಯಾಂಥನಾಯ್ಡ್ ಸಂಕೋಚನ ಅಂದರೆ ಏನು?

ಆವರ್ತ ಕೋಷ್ಟಕದಲ್ಲಿ 57ನೇ ಧಾತು ಲ್ಯಾಂಥನಂ. ಅಲ್ಲಿಂದ 71ನೇ ಧಾತು ಲುಟೀಷಿಯಂವರೆಗೆ ಹೋಗುವಾಗ ಅಯಾನುಗಳ ಗಾತ್ರ ಒಂದೊಂದು ಹೆಜ್ಜೆಗೂ ಸ್ವಲ್ಪ ಸ್ವಲ್ಪ ಕುಗ್ಗುತ್ತದೆ. La³⁺ ಅಯಾನಿನ ತ್ರಿಜ್ಯ 103 ಪಿಕೋಮೀಟರ್. Lu³⁺ ಅಯಾನಿನದು 86 ಪಿಕೋಮೀಟರ್. ಅಂದರೆ 14 ಹೆಜ್ಜೆಗಳಲ್ಲಿ 17 ಪಿಕೋಮೀಟರ್ ಇಳಿದಿದೆ. (ಅಯಾನಿನ ಸುತ್ತ ಆರು ಅಕ್ಕಪಕ್ಕದ ಅಯಾನುಗಳು ಇದ್ದಾಗಿನ ಅಳತೆ ಇದು. ಅಕ್ಕಪಕ್ಕದವರ ಸಂಖ್ಯೆ ಬದಲಾದರೆ ತ್ರಿಜ್ಯವೂ ಬದಲಾಗುತ್ತದೆ. ಆದ್ದರಿಂದ ಎರಡು ಪುಸ್ತಕಗಳ ಸಂಖ್ಯೆ ಹೋಲಿಸುವಾಗ ಇದನ್ನು ನೋಡಿಕೊಳ್ಳಬೇಕು.)

ಸರಾಸರಿ ನೋಡಿದರೆ ಹೆಜ್ಜೆಗೆ ಸುಮಾರು 1.2 ಪಿಕೋಮೀಟರ್. ಆದರೆ ಇಳಿತ ಒಂದೇ ಸಮ ಇಲ್ಲ. ಲ್ಯಾಂಥನಂನಿಂದ ಸೀರಿಯಂಗೆ 2 ಪಿಕೋಮೀಟರಿಗಿಂತ ಜಾಸ್ತಿ ಇಳಿಯುತ್ತದೆ. ಕೊನೆಯ ಹೆಜ್ಜೆಯಲ್ಲಿ, ಇಟರ್ಬಿಯಂನಿಂದ ಲುಟೀಷಿಯಂಗೆ, ಬರೀ 0.7.

ಈ ಇಳಿತಕ್ಕೆ 1925ರಲ್ಲಿ ಈ ಹೆಸರು ಕೊಟ್ಟವರು ವಿಕ್ಟರ್ ಗೋಲ್ಡ್‌ಶ್ಮಿಟ್. ಹರಳುಗಳೊಳಗಿನ ಅಯಾನುಗಳ ಗಾತ್ರವನ್ನು ಸಾಲಾಗಿ ಅಳೆಯುತ್ತಿದ್ದ ಭೂರಸಾಯನ ವಿಜ್ಞಾನಿ ಅವರು.

ಪ್ರೋಟಾನ್ ಒಂದು ಸೇರಿದಾಗ ಎಲೆಕ್ಟ್ರಾನೂ ಒಂದು ಸೇರುತ್ತದೆ. ಲೆಕ್ಕ ಸರಿಹೋಯಿತಲ್ಲ, ಮತ್ತೆ ಯಾಕೆ ಕುಗ್ಗಬೇಕು?

ಒಟ್ಟು ಲೆಕ್ಕ ಸರಿಹೋಗುತ್ತದೆ ನಿಜ. ಆದರೆ ಹೊರಗಿನ ಎಲೆಕ್ಟ್ರಾನಿನ ಜಾಗದಲ್ಲಿ ನಿಂತು ನೋಡಿದರೆ ಸರಿಹೋಗುವುದಿಲ್ಲ.

ಹೊಸ ಎಲೆಕ್ಟ್ರಾನ್ ಬಂದು ಕೂರುವುದು ಎಲ್ಲಿ ಅನ್ನುವುದು ಮುಖ್ಯ. ಲ್ಯಾಂಥನಾಯ್ಡ್‌ಗಳಲ್ಲಿ ಅದು ಹೊರಗಡೆ ಅಲ್ಲ, ಒಳಗಿನ 4f ಆರ್ಬಿಟಲ್‌ಗಳಲ್ಲಿ ಕೂರುತ್ತದೆ. ಪರಮಾಣುವಿನ ಹೊರ ಅಂಚನ್ನು ತೀರ್ಮಾನಿಸುವುದು 5s, 5p, 6s ಎಲೆಕ್ಟ್ರಾನುಗಳು. ಹೊಸ 4f ಎಲೆಕ್ಟ್ರಾನ್ ನ್ಯೂಕ್ಲಿಯಸ್‌ಗೂ ಈ ಹೊರಗಿನವಕ್ಕೂ ನಡುವೆ ಪೂರ್ತಿ ಅಡ್ಡ ನಿಂತಿದ್ದರೆ, ಹೊಸ ಪ್ರೋಟಾನಿನ ಸೆಳೆತವನ್ನು ಅದೇ ನುಂಗಿಹಾಕುತ್ತಿತ್ತು. ಗಾತ್ರ ಅಲುಗಾಡುತ್ತಿರಲಿಲ್ಲ.

ಆದರೆ ಅದು ಪೂರ್ತಿ ಅಡ್ಡ ನಿಲ್ಲುವುದಿಲ್ಲ. ಒಂದು ಕಾರಣ, f ಆರ್ಬಿಟಲ್‌ನ ಆಕಾರ. ಅದು ನ್ಯೂಕ್ಲಿಯಸ್ ಸುತ್ತ ಒಂದು ಮುಚ್ಚಿದ ಗೋಳದ ಹಾಗೆ ಇಲ್ಲ, ಹಲವು ಎಸಳುಗಳಾಗಿ ಹರಡಿಕೊಂಡಿದೆ. ಒಂದು 4f ಎಲೆಕ್ಟ್ರಾನ್ ಇನ್ನೊಂದು 4f ಎಲೆಕ್ಟ್ರಾನಿಗೆ ಕೊಡುವ ಮರೆ ತುಂಬಾ ಕಡಿಮೆ. ಎರಡನೇ ಕಾರಣವನ್ನು ಪುಸ್ತಕಗಳು ಹೆಚ್ಚಾಗಿ ಬಿಟ್ಟುಬಿಡುತ್ತವೆ. ಹೊರಗಿನ s ಮತ್ತು p ಎಲೆಕ್ಟ್ರಾನುಗಳು ಸದಾ ಹೊರಗೇ ಇರುವುದಿಲ್ಲ. ಅವುಗಳ ಮೋಡದ ಒಂದು ಪಾಲು 4f ಪದರದ ಒಳಗೆ, ನ್ಯೂಕ್ಲಿಯಸ್ ಹತ್ತಿರಕ್ಕೆ ತೂರಿ ಹೋಗುತ್ತದೆ. ಹಾಗೆ ತೂರಿದಾಗ 4f ಎಲೆಕ್ಟ್ರಾನುಗಳು ಅವಕ್ಕೆ ಮರೆಯೇ ಆಗುವುದಿಲ್ಲ.

ಹೀಗೆ ಪ್ರತಿ ಹೆಜ್ಜೆಯಲ್ಲೂ ಪ್ರೋಟಾನಿನ ಸೆಳೆತದ ಸ್ವಲ್ಪ ಪಾಲು ಹೊರಗಿನವರೆಗೆ ಮುಟ್ಟುತ್ತದೆ. ಒಂದೊಂದು ಸಲ ಸೋರುವುದು ಕಡಿಮೆ. ಆದರೆ 14 ಸಲ ಸೋರಿದರೆ 17 ಪಿಕೋಮೀಟರ್.

d ಸಾಲಿನಲ್ಲೂ ಗಾತ್ರ ಕುಗ್ಗುತ್ತದೆ. ಇದಕ್ಕೇ ಯಾಕೆ ಬೇರೆ ಹೆಸರು?

ಎಡದಿಂದ ಬಲಕ್ಕೆ ಹೋದಾಗ ಕುಗ್ಗುವುದು ಎಲ್ಲ ಸಾಲಿನಲ್ಲೂ ಇದೆ. ಹೆಜ್ಜೆ ಲೆಕ್ಕದಲ್ಲಿ ನೋಡಿದರೆ f ಸಾಲಿನ ಇಳಿತ ಇತರ ಸಾಲುಗಳಿಗಿಂತ ನಿಧಾನವೇ. ಇಲ್ಲಿ ವಿಶೇಷ ಇರುವುದು ಹೆಜ್ಜೆಗಳ ಸಂಖ್ಯೆಯಲ್ಲಿ. ಆರನೇ ಆವರ್ತದಲ್ಲಿ ಮೂರನೇ ಗುಂಪಿಗೂ ನಾಲ್ಕನೇ ಗುಂಪಿಗೂ ಮಧ್ಯೆ 14 ಹೆಚ್ಚುವರಿ ಧಾತುಗಳು ಬಂದು ಕೂತಿವೆ. ಅದರ ಮೇಲಿನ ಐದನೇ ಆವರ್ತದಲ್ಲಿ ಅಂಥ ತುಂಡು ಇಲ್ಲ. ಹಾಗಾಗಿ ಆರನೇ ಆವರ್ತದ ಧಾತುಗಳು ನಾಲ್ಕನೇ ಗುಂಪಿಗೆ ಬಂದು ಮುಟ್ಟುವ ಹೊತ್ತಿಗೆ ಮೊದಲೇ ಕುಗ್ಗಿರುತ್ತವೆ. ಮೇಲಿನ ಸಾಲಿನವು ಕುಗ್ಗಿರುವುದಿಲ್ಲ.

17 ಪಿಕೋಮೀಟರ್ ತುಂಬಾ ಚಿಕ್ಕ ಅಳತೆ. ಅದರಿಂದ ಹಾಫ್ನಿಯಂಗೆ ಅಷ್ಟು ದೊಡ್ಡ ವ್ಯತ್ಯಾಸ ಆಗುತ್ತದಾ?

ಆಗುತ್ತದೆ. ಇದನ್ನು ನಂಬುವುದಕ್ಕಿಂತ ಲೆಕ್ಕ ಮಾಡಿ ನೋಡುವುದು ಒಳ್ಳೆಯದು. ಬೇಕಾಗಿರುವುದು ಎರಡೇ: ಪರಮಾಣು ತೂಕ ಮತ್ತು ಸಾಂದ್ರತೆ. ತೂಕವನ್ನು ಸಾಂದ್ರತೆಯಿಂದ ಭಾಗಿಸಿದರೆ ಒಂದು ಮೋಲ್ ಲೋಹ ಎಷ್ಟು ಜಾಗ ಹಿಡಿಯುತ್ತದೆ ಅನ್ನುವುದು ಸಿಗುತ್ತದೆ. ಮೋಲ್‌ನಲ್ಲಿ ಪರಮಾಣುಗಳ ಸಂಖ್ಯೆ ಎಲ್ಲ ಧಾತುಗಳಿಗೂ ಒಂದೇ. ಹಾಗಾಗಿ ಆ ಜಾಗವೇ ಪರಮಾಣುವಿನ ಗಾತ್ರಕ್ಕೆ ಅಳತೆಗೋಲು.

ಮೊದಲು ಮೂರನೇ ಗುಂಪು. ಇದು 4f ತುಂಬುವುದಕ್ಕೆ ಮುಂಚಿನ ಕಥೆ.

ಸ್ಕ್ಯಾಂಡಿಯಂ: 44.96 ÷ 2.985 = 15.1 ಘನ ಸೆಂಟಿಮೀಟರ್
ಯಿಟ್ರಿಯಂ: 88.91 ÷ 4.47 = 19.9
ಲ್ಯಾಂಥನಂ: 138.91 ÷ 6.162 = 22.5

ಕೆಳಗೆ ಹೋದಂತೆ ಗಾತ್ರ ಹೆಚ್ಚುತ್ತಿದೆ. ಹೊಸ ಪದರ ಸೇರುತ್ತದೆ, ಪರಮಾಣು ದೊಡ್ಡದಾಗುತ್ತದೆ. ನಾವೆಲ್ಲ ಮೊದಲು ಕಲಿಯುವ ನಿಯಮ ಇದೇ ಅಲ್ವಾ? ಈಗ ಪಕ್ಕದ ನಾಲ್ಕನೇ ಗುಂಪು.

ಟೈಟಾನಿಯಂ: 47.87 ÷ 4.51 = 10.6
ಜಿರ್ಕೋನಿಯಂ: 91.22 ÷ 6.52 = 14.0
ಹಾಫ್ನಿಯಂ: 178.49 ÷ 13.31 = 13.4

ಟೈಟಾನಿಯಂನಿಂದ ಜಿರ್ಕೋನಿಯಂಗೆ ಏರಿಕೆ ಇದೆ. ಜಿರ್ಕೋನಿಯಂನಿಂದ ಹಾಫ್ನಿಯಂಗೆ ಬಂದರೆ ಏರಿಕೆ ನಿಂತದ್ದಷ್ಟೇ ಅಲ್ಲ, ಸ್ವಲ್ಪ ಇಳಿದೇ ಬಿಟ್ಟಿದೆ. ಈ ಎರಡು ಪಟ್ಟಿಗಳನ್ನು ಮೊದಲ ಸಲ ಅಕ್ಕಪಕ್ಕ ಬರೆದು ನೋಡಿದಾಗಲೇ ನನಗೆ ಈ ವಿಷಯ ನಿಜವಾಗಿ ಅರ್ಥವಾದದ್ದು. ಎರಡೂ ಗುಂಪುಗಳಿಗೆ ನಡುವೆ ಇರುವ ವ್ಯತ್ಯಾಸ ಆ 14 ಧಾತುಗಳು ಮಾತ್ರ.

ತ್ರಿಜ್ಯದಲ್ಲಿ ಹೇಳಬೇಕೆಂದರೆ ಲೋಹದೊಳಗೆ ಟೈಟಾನಿಯಂ 147, ಜಿರ್ಕೋನಿಯಂ 160, ಹಾಫ್ನಿಯಂ 159 ಪಿಕೋಮೀಟರ್. Zr⁴⁺ ಅಯಾನು 72, Hf⁴⁺ ಅಯಾನು 71.

ಹಾಫ್ನಿಯಂನಲ್ಲಿ ಒಂದು ಪೂರ್ತಿ ಹೊಸ ಪದರ ಇದೆ. ಅದರ ಗಾತ್ರ ಎಲ್ಲಿ ಹೋಯಿತು?

ಎಲ್ಲೂ ಹೋಗಿಲ್ಲ. ಎರಡು ಎಳೆತಗಳು ಒಂದನ್ನೊಂದು ಹೊಡೆದುಹಾಕಿವೆ. ಹೊಸ ಪದರದಿಂದ ಗಾತ್ರ ಹೆಚ್ಚಬೇಕು. Y³⁺ ಅಯಾನು 90 ಪಿಕೋಮೀಟರ್, La³⁺ 103. ಅಂದರೆ ಹೊಸ ಪದರ ಸೇರಿಸುವ ಏರಿಕೆ ಸುಮಾರು 13. ಅದಾದ ಮೇಲೆ 4f ತುಂಬುವಾಗ ಇಳಿಯುವುದು 17. ಎರಡೂ ಹೆಚ್ಚುಕಡಿಮೆ ಸಮ. Lu³⁺ ಅಯಾನು 86ಕ್ಕೆ ಬಂದು ನಿಲ್ಲುತ್ತದೆ, ಯಿಟ್ರಿಯಂಗಿಂತಲೂ ಕೆಳಗೆ. ಲುಟೀಷಿಯಂನ ಮುಂದಿನ ಧಾತುವೇ ಹಾಫ್ನಿಯಂ.

ಇವೆರಡೂ ಇಷ್ಟು ಹತ್ತಿರ ಬರಬೇಕೆಂಬ ನಿಯಮವೇನೂ ಇಲ್ಲ. 4f ನಲ್ಲಿ 14ರ ಬದಲು ಹತ್ತೇ ಜಾಗ ಇದ್ದಿದ್ದರೆ ಹಾಫ್ನಿಯಂ ಜಾಗದಲ್ಲಿ ಬರುವ ಧಾತು ಜಿರ್ಕೋನಿಯಂಗಿಂತ ಸ್ವಲ್ಪ ದೊಡ್ಡದೇ ಇರುತ್ತಿತ್ತು.

ಗಾತ್ರ ಒಂದೇ ಆದರೆ ಸಾಂದ್ರತೆ ಯಾಕೆ ಎರಡು ಪಟ್ಟು?

ಅದೇ ಜಾಗದಲ್ಲಿ ಎರಡು ಪಟ್ಟು ತೂಕ ಕೂತಿದೆ, ಅದಕ್ಕೆ. ಹಾಫ್ನಿಯಂನ ಪರಮಾಣು ತೂಕ ಜಿರ್ಕೋನಿಯಂನ 1.96 ಪಟ್ಟು. ಸಾಂದ್ರತೆ 2.04 ಪಟ್ಟು. ಗಾತ್ರ ಸ್ವಲ್ಪ ಇಳಿದದ್ದರಿಂದ ಸಾಂದ್ರತೆಯ ಅನುಪಾತ ತೂಕದ ಅನುಪಾತಕ್ಕಿಂತ ತುಸು ಮೇಲಿದೆ.

ಸಂಕೋಚನ ಇಲ್ಲದಿದ್ದರೆ? ಮೂರನೇ ಗುಂಪಿನ ಹಾಗೆ ಇಲ್ಲೂ ಮೋಲ್‌ಗೆ 2.6 ಘನ ಸೆಂಟಿಮೀಟರ್ ಏರಿತ್ತು ಅಂದುಕೊಳ್ಳೋಣ. ಆಗ 14.0 ಹೋಗಿ 16.6 ಆಗುತ್ತಿತ್ತು. 178.49 ಅನ್ನು 16.6ರಿಂದ ಭಾಗಿಸಿದರೆ ಸಾಂದ್ರತೆ ಸುಮಾರು 10.8. ನಿಜವಾದದ್ದು 13.3. ಇದು ಅಂದಾಜು ಲೆಕ್ಕ, ಆದರೆ ಆರನೇ ಆವರ್ತದ ಲೋಹಗಳು ಅಷ್ಟೊಂದು ಭಾರ ಯಾಕೆ ಅನ್ನುವುದಕ್ಕೆ ಉತ್ತರದ ದೊಡ್ಡ ಪಾಲು ಇದರಲ್ಲೇ ಇದೆ. ಆಸ್ಮಿಯಂ ಮತ್ತು ಇರಿಡಿಯಂ ಲೋಹಗಳ ಸಾಂದ್ರತೆ 22.6ರ ಹತ್ತಿರ. ನಮಗೆ ಗೊತ್ತಿರುವ ಸ್ಥಿರ ಧಾತುಗಳಲ್ಲಿ ಅವೇ ಅತಿ ಸಾಂದ್ರ.

ಹಾಫ್ನಿಯಂ ಅಷ್ಟು ತಡವಾಗಿ ಸಿಕ್ಕಿದ್ದಕ್ಕೂ ಇದೇ ಕಾರಣವಾ?

ಹೌದು. ಕ್ಲಾಪ್ರೋತ್ ಜಿರ್ಕಾನ್ ಖನಿಜದಲ್ಲಿ ಜಿರ್ಕೋನಿಯಂ ಇರುವುದನ್ನು 1789ರಲ್ಲಿ ಗುರುತಿಸಿದರು. ಅದೇ ಖನಿಜದೊಳಗೆ ಹಾಫ್ನಿಯಂ ಕೂಡ ಇತ್ತು, ಜಿರ್ಕೋನಿಯಂ ಜೊತೆ ಸಾಮಾನ್ಯವಾಗಿ ನೂರಕ್ಕೆ ಒಂದರಿಂದ ಮೂರು ಪಾಲಿನಷ್ಟು. ಅಪರೂಪ ಅಂತ ಹೇಳುವ ಹಾಗಿಲ್ಲ. ಆದರೂ ಅದು ಕಣ್ಣಿಗೆ ಬಿದ್ದದ್ದು 1923ರಲ್ಲಿ, 134 ವರ್ಷಗಳ ನಂತರ.

ಮಧ್ಯೆ ಎಷ್ಟೋ ಜನ ರಸಾಯನ ವಿಜ್ಞಾನಿಗಳು ಜಿರ್ಕೋನಿಯಂ ಲವಣಗಳನ್ನು ಕರಗಿಸಿದರು, ಹರಳುಗಟ್ಟಿಸಿದರು, ತೂಗಿದರು. ಪ್ರತಿ ಸಲವೂ ಹಾಫ್ನಿಯಂ ಜಿರ್ಕೋನಿಯಂ ಜೊತೆಗೇ ಹೋಯಿತು. ಅಯಾನಿನ ಚಾರ್ಜ್ ಒಂದೇ, ಗಾತ್ರ ಒಂದೇ. ಹರಳಿನಲ್ಲಿ ಒಂದರ ಜಾಗದಲ್ಲಿ ಇನ್ನೊಂದು ಕೂತರೆ ಹರಳಿಗೆ ಗೊತ್ತಾಗುವುದಿಲ್ಲ.

ತೂಗಿ ನೋಡಿದರೆ ಗೊತ್ತಾಗುತ್ತಿರಲಿಲ್ಲವೇ ಅಂತ ಕೇಳಬಹುದು. ಲೆಕ್ಕ ಮಾಡೋಣ. ನೂರು ಗ್ರಾಂ ಲೋಹದಲ್ಲಿ 2 ಗ್ರಾಂ ಹಾಫ್ನಿಯಂ ಇದೆ ಅನ್ನಿ. 98 ಗ್ರಾಂ ಜಿರ್ಕೋನಿಯಂ ಹಿಡಿಯುವ ಜಾಗ 15.03 ಘನ ಸೆಂಟಿಮೀಟರ್, 2 ಗ್ರಾಂ ಹಾಫ್ನಿಯಂ ಹಿಡಿಯುವುದು 0.15. ಒಟ್ಟು 15.18. ಸಾಂದ್ರತೆ 6.59. ಶುದ್ಧ ಜಿರ್ಕೋನಿಯಂನದು 6.52. ವ್ಯತ್ಯಾಸ ನೂರಕ್ಕೆ ಒಂದು. ಲೋಹದೊಳಗಿನ ಚಿಕ್ಕ ಚಿಕ್ಕ ರಂಧ್ರಗಳೇ ಇಷ್ಟು ವ್ಯತ್ಯಾಸ ತರಬಲ್ಲವು. ಆ ಕಾಲದವರನ್ನು ದೂರುವ ಹಾಗಿಲ್ಲ.

ಹಾಗಾದರೆ ಕೊನೆಗೆ ಹೇಗೆ ಕಂಡುಹಿಡಿದರು?

ರಸಾಯನ ಕ್ರಿಯೆಗಳನ್ನು ಬಿಟ್ಟು ನ್ಯೂಕ್ಲಿಯಸ್ಸಿನ ಚಾರ್ಜನ್ನೇ ನೇರವಾಗಿ ಓದುವ ದಾರಿ ಹಿಡಿದರು. ಪ್ರತಿ ಧಾತುವೂ ತನ್ನದೇ ಎಕ್ಸ್-ಕಿರಣ ಗೆರೆಗಳನ್ನು ಕೊಡುತ್ತದೆ, ಆ ಗೆರೆಗಳು ಪರಮಾಣು ಸಂಖ್ಯೆಯ ಪ್ರಕಾರ ಕ್ರಮವಾಗಿ ಸರಿಯುತ್ತವೆ ಅನ್ನುವುದನ್ನು 1913ರಲ್ಲಿ ಹೆನ್ರಿ ಮೋಸ್ಲಿ ತೋರಿಸಿದ್ದರು. ಅದರಿಂದ 72ನೇ ಜಾಗ ಖಾಲಿ ಇದೆ ಅನ್ನುವುದು ಗೊತ್ತಾಯಿತು. ಅಲ್ಲಿ ಬರುವುದು ಇನ್ನೊಂದು ಅಪರೂಪ ಮೃತ್ತಿಕೆ, ಅಂದರೆ ಲ್ಯಾಂಥನಾಯ್ಡ್ ಸಾಲಿನದೇ ಇನ್ನೊಂದು ಧಾತು ಅಂತ ಕೆಲವರು ಹುಡುಕುತ್ತಿದ್ದರು. ಆದರೆ ನೀಲ್ಸ್ ಬೋರ್ ಅವರ ಲೆಕ್ಕದ ಪ್ರಕಾರ 4f ಜಾಗಗಳು 71ಕ್ಕೇ ತುಂಬಿಹೋಗುತ್ತವೆ. 72ನೆಯದು ಜಿರ್ಕೋನಿಯಂನ ಕೆಳಗೆ ಬರಬೇಕು. ಹುಡುಕಬೇಕಾದ್ದು ಜಿರ್ಕೋನಿಯಂ ಖನಿಜದಲ್ಲಿ.

ಕೋಪನ್‌ಹೇಗನ್‌ನ ಬೋರ್ ಸಂಸ್ಥೆಯಲ್ಲಿ ಡರ್ಕ್ ಕೋಸ್ಟರ್ ಮತ್ತು ಜಾರ್ಜ್ ಡಿ ಹೆವೆಶಿ ಅಲ್ಲೇ ಹುಡುಕಿದರು. 72ರ ಗೆರೆಗಳು ಸಿಕ್ಕವು. ಕೋಪನ್‌ಹೇಗನ್‌ನ ಲ್ಯಾಟಿನ್ ಹೆಸರು ಹಾಫ್ನಿಯಾ, ಅದೇ ಧಾತುವಿನ ಹೆಸರಾಯಿತು. ಬೋರ್ 1922ರ ಡಿಸೆಂಬರಿನ ತಮ್ಮ ನೊಬೆಲ್ ಉಪನ್ಯಾಸದ ಕೊನೆಯಲ್ಲಿ ಈ ಸುದ್ದಿ ಹೇಳಿದರು. ಪ್ರಬಂಧ ಅಚ್ಚಾದದ್ದು 1923ರ ಜನವರಿಯಲ್ಲಿ.

ಎಕ್ಸ್-ಕಿರಣದಲ್ಲಿ ನೋಡಿದರೆ ಎರಡನ್ನೂ ಗುರುತಿಸುವುದು ಸುಲಭವೇ?

ಸುಲಭ, ಆದರೆ ಒಂದು ಕಡೆ ಎಡವಬಹುದು. ಹರಳನ್ನು ಬಳಸಿ ತರಂಗದೂರ ಅಳೆಯುವ ಉಪಕರಣದಲ್ಲಿ ಹಾಫ್ನಿಯಂನ Lα ಗೆರೆ ಬರುವುದು 157.0 ಪಿಕೋಮೀಟರಿನಲ್ಲಿ. ಜಿರ್ಕೋನಿಯಂನ Kα ಗೆರೆ 78.6ರಲ್ಲಿ. ದೂರ ದೂರ ಇವೆ ಅನಿಸುತ್ತದೆ. ಆದರೆ ಹರಳು ಒಂದು ಗೆರೆಯನ್ನು ಅದರ ಎರಡು ಪಟ್ಟು ತರಂಗದೂರದ ಜಾಗದಲ್ಲೂ ಮಸುಕಾಗಿ ತೋರಿಸುತ್ತದೆ. 78.6ರ ಎರಡು ಪಟ್ಟು 157.2. ಸರಿಯಾಗಿ ಹಾಫ್ನಿಯಂ ಗೆರೆಯ ಮೇಲೆಯೇ ಬಂದು ಕೂತಿತು!

ಮಾದರಿಯಲ್ಲಿ ಜಿರ್ಕೋನಿಯಂ 98 ಪಾಲು ಇರುವಾಗ ಈ ಮಸುಕು ನೆರಳೂ ಸಾಕಷ್ಟು ಪ್ರಬಲ. ಅದನ್ನೇ ಹಾಫ್ನಿಯಂ ಅಂದುಕೊಂಡರೆ ಲೆಕ್ಕ ಜಾಸ್ತಿ ಬರುತ್ತದೆ. ತಪ್ಪಿಸುವ ದಾರಿ ಇದೆ. ಜಿರ್ಕೋನಿಯಂನ K ಗೆರೆ ಹುಟ್ಟಲು 18 ಕಿಲೋವೋಲ್ಟ್ ಬೇಕು. ಹಾಫ್ನಿಯಂನ Lα ಗೆರೆಗೆ 9.6 ಸಾಕು. ಎಕ್ಸ್-ಕಿರಣ ಕೊಳವೆಯ ವೋಲ್ಟೇಜನ್ನು 18ಕ್ಕಿಂತ ಕೆಳಗೆ ಇಳಿಸಿ. ಗೆರೆ ಮಾಯವಾದರೆ ಅದು ಜಿರ್ಕೋನಿಯಂನ ನೆರಳು. ಉಳಿದುಕೊಂಡರೆ ಹಾಫ್ನಿಯಂ. ಇಲ್ಲವಾದರೆ ಹಾಫ್ನಿಯಂನ Lβ ಗೆರೆಯನ್ನು ಅಳೆಯಬಹುದು, ಅದರ ಮೇಲೆ ಈ ನೆರಳು ಬೀಳುವುದಿಲ್ಲ.

ಎರಡೂ ಅಷ್ಟು ಒಂದೇ ಆಗಿದ್ದರೆ ಬೇರ್ಪಡಿಸುವುದಾದರೂ ಯಾಕೆ? ಹಾಗೇ ಬಳಸಬಾರದೇ?

ಬಹಳ ಕೆಲಸಗಳಿಗೆ ಹಾಗೇ ಬಳಸುತ್ತಾರೆ, ಏನೂ ತೊಂದರೆ ಇಲ್ಲ. ತೊಂದರೆ ಬರುವುದು ಪರಮಾಣು ರಿಯಾಕ್ಟರಿನಲ್ಲಿ. ಇಂಧನವನ್ನು ತುಂಬುವ ಕೊಳವೆಗಳನ್ನು ಜಿರ್ಕೋನಿಯಂ ಮಿಶ್ರಲೋಹದಿಂದ ಮಾಡುತ್ತಾರೆ. ಅದು ನಿಧಾನ ನ್ಯೂಟ್ರಾನುಗಳನ್ನು ಹೀರುವುದು ತುಂಬಾ ಕಡಿಮೆ, ಅದಕ್ಕೆ. ಹೀರುವ ಅಳತೆ ಜಿರ್ಕೋನಿಯಂಗೆ ಸುಮಾರು 0.18 ಬಾರ್ನ್. ಹಾಫ್ನಿಯಂಗೆ ಸುಮಾರು 104 ಬಾರ್ನ್.

ಯಾಕೆ ಇಷ್ಟು ಅಂತರ? ನ್ಯೂಟ್ರಾನ್ ಹೀರುವುದು ನ್ಯೂಕ್ಲಿಯಸ್ಸಿನ ಕೆಲಸ. ಎಲೆಕ್ಟ್ರಾನ್ ಮೋಡದ ಗಾತ್ರಕ್ಕೂ ಅದಕ್ಕೂ ಸಂಬಂಧ ಇಲ್ಲ. ಸಂಕೋಚನ ಎಲೆಕ್ಟ್ರಾನುಗಳನ್ನು ಮಾತ್ರ ಒಂದೇ ಥರ ಮಾಡಿದೆ, ನ್ಯೂಕ್ಲಿಯಸ್ಸುಗಳನ್ನಲ್ಲ.

ನೂರು ಗ್ರಾಂನಲ್ಲಿ 2 ಗ್ರಾಂ ಹಾಫ್ನಿಯಂ ಇರುವ ಅದೇ ಲೋಹವನ್ನು ಮತ್ತೆ ತೆಗೆದುಕೊಳ್ಳಿ. ಹಾಫ್ನಿಯಂ ಪರಮಾಣು ಭಾರ ಇರುವುದರಿಂದ ಪರಮಾಣು ಎಣಿಕೆಯಲ್ಲಿ ಅದು ನೂರಕ್ಕೆ ಒಂದು ಮಾತ್ರ. ಆ ಒಂದರಿಂದಲೇ ಸರಾಸರಿಗೆ ಸುಮಾರು 1.07 ಬಾರ್ನ್ ಸೇರುತ್ತದೆ. ಒಟ್ಟು 1.25, ಅಂದರೆ ಶುದ್ಧ ಜಿರ್ಕೋನಿಯಂನ ಏಳು ಪಟ್ಟು. ಹಾಗಾಗಿ ರಿಯಾಕ್ಟರಿಗೆ ಹೋಗುವ ಜಿರ್ಕೋನಿಯಂನಲ್ಲಿ ಹಾಫ್ನಿಯಂ ಹತ್ತು ಲಕ್ಷಕ್ಕೆ 100 ಪಾಲಿಗಿಂತ ಕಡಿಮೆ ಇರಬೇಕು ಅಂತ ಮಿತಿ ಇಡುತ್ತಾರೆ. ಆ ಮಟ್ಟದಲ್ಲಿ ಅದು ಸೇರಿಸುವುದು ನೂರಕ್ಕೆ ಮೂರರಷ್ಟು ಮಾತ್ರ. ಬೇರ್ಪಡಿಸಿದ ಹಾಫ್ನಿಯಂ ಕೂಡ ಅಲ್ಲೇ ಕೆಲಸಕ್ಕೆ ಬರುತ್ತದೆ. ನ್ಯೂಟ್ರಾನ್ ಹೀರುವ ನಿಯಂತ್ರಣ ಸರಳುಗಳನ್ನು ಅದರಿಂದ ಮಾಡುತ್ತಾರೆ.

ಸರಿ, ಬೇರ್ಪಡಿಸುವುದು ಹೇಗೆ?

ಹೆವೆಶಿ ಮತ್ತು ಅವರ ಜೊತೆಗಾರರು ಫ್ಲೋರೈಡ್ ಜೋಡಿಲವಣಗಳನ್ನು ಹರಳುಗಟ್ಟಿಸಿ ಬೇರ್ಪಡಿಸಿದರು. K₂HfF₆ ಮತ್ತು K₂ZrF₆ ಒಂದೇ ಬಗೆಯ ಲವಣಗಳು, ಆದರೆ ಹಾಫ್ನಿಯಂನದು ನೀರಿನಲ್ಲಿ ಸ್ವಲ್ಪ ಜಾಸ್ತಿ ಕರಗುತ್ತದೆ. ಒಂದು ಸಲ ಹರಳುಗಟ್ಟಿಸಿದರೆ ಉಳಿದ ದ್ರಾವಣದಲ್ಲಿ ಹಾಫ್ನಿಯಂ ಪಾಲು ತುಸು ಏರುತ್ತದೆ. ಅದನ್ನೇ ಮತ್ತೆ ಮತ್ತೆ ಮಾಡಬೇಕು. ತಾಳ್ಮೆಯ ಕೆಲಸ.

ಕಾರ್ಖಾನೆಗಳಲ್ಲಿ ಈಗ ದ್ರಾವಣದಿಂದ ದ್ರಾವಣಕ್ಕೆ ಸಾಗಿಸುವ ವಿಧಾನ ಹೆಚ್ಚು. ನೀರಿನ ದ್ರಾವಣವನ್ನು ಅದರ ಜೊತೆ ಬೆರೆಯದ ಸಾವಯವ ದ್ರವದ ಜೊತೆ ಕಲಕುತ್ತಾರೆ. ಥಯೋಸಯನೇಟ್ ಹಾಕಿ ಮೀಥೈಲ್ ಐಸೋಬ್ಯುಟೈಲ್ ಕೀಟೋನ್ ಬಳಸಿದರೆ ಹಾಫ್ನಿಯಂ ಹೆಚ್ಚಾಗಿ ಸಾವಯವ ದ್ರವಕ್ಕೆ ಹೋಗುತ್ತದೆ. ನೈಟ್ರಿಕ್ ಆಮ್ಲದಲ್ಲಿ ಟ್ರೈಬ್ಯುಟೈಲ್ ಫಾಸ್ಫೇಟ್ ಬಳಸಿದರೆ ಉಲ್ಟಾ, ಜಿರ್ಕೋನಿಯಂ ಹೋಗುತ್ತದೆ. ಇದು ನನಗೆ ತುಂಬಾ ಇಷ್ಟವಾದ ಸಂಗತಿ. ಗಾತ್ರ ಒಂದೇ ಆದರೂ ಯಾವ ಅಣುವಿನ ಜೊತೆ ಎಷ್ಟು ಗಟ್ಟಿಯಾಗಿ ಅಂಟಿಕೊಳ್ಳುತ್ತವೆ ಅನ್ನುವುದರಲ್ಲಿ ಸಣ್ಣ ಭೇದ ಉಳಿದಿದೆ. ಆ ಸಣ್ಣ ಭೇದವನ್ನು ಹಂತ ಹಂತವಾಗಿ ದೊಡ್ಡದು ಮಾಡುತ್ತಾರೆ.

ಇಂಥ ಜೋಡಿ ಇದೊಂದೇನಾ?

ಅಲ್ಲ. ಪಕ್ಕದ ಐದನೇ ಗುಂಪಿನಲ್ಲಿ ನಿಯೋಬಿಯಂ ಮತ್ತು ಟ್ಯಾಂಟಲಂ ಇವೆ. ಲೋಹದ ತ್ರಿಜ್ಯ ಎರಡಕ್ಕೂ 146ರ ಹತ್ತಿರ, Nb⁵⁺ ಮತ್ತು Ta⁵⁺ ಅಯಾನುಗಳು ಎರಡೂ 64. ಇಲ್ಲಿ ಗೊಂದಲ ಇನ್ನೂ ಉದ್ದ ಎಳೆಯಿತು. ಹ್ಯಾಚೆಟ್ 1801ರಲ್ಲಿ ಒಂದು ಹೊಸ ಧಾತು ಕಂಡು ಕೊಲಂಬಿಯಂ ಅಂದರು. ಮರುವರ್ಷ ಎಕೆಬರ್ಗ್ ಟ್ಯಾಂಟಲಂ ಕಂಡರು. 1809ರಲ್ಲಿ ವೊಲ್ಲಾಸ್ಟನ್ ಎರಡನ್ನೂ ಪರೀಕ್ಷಿಸಿ ಎರಡೂ ಒಂದೇ ಅಂದುಬಿಟ್ಟರು. ಸಾಂದ್ರತೆ ಬೇರೆ ಬೇರೆ ಇರುವುದು ಅವರಿಗೆ ಗೊತ್ತಿತ್ತು. ಆದರೆ ಪ್ರಯೋಗಾಲಯದಲ್ಲಿ ಎರಡೂ ಒಂದೇ ಥರ ವರ್ತಿಸಿದವು, ಹಾಗಾಗಿ ಆ ಸುಳಿವನ್ನು ಬದಿಗಿಟ್ಟರು. ಸಂಕೋಚನದ ಗುರುತೇ ಅದು: ರಸಾಯನ ಕ್ರಿಯೆ ಒಂದೇ, ಸಾಂದ್ರತೆ ಬೇರೆ. ಅದು ಆಗ ಯಾರಿಗೂ ಗೊತ್ತಿರಲಿಲ್ಲ.

1844ರಲ್ಲಿ ಹೈನ್ರಿಷ್ ರೋಸೆ ಇವು ಬೇರೆ ಅಂತ ಹೇಳಿ ನಿಯೋಬಿಯಂ ಹೆಸರು ಕೊಟ್ಟರು. 1866ರಲ್ಲಿ ಮರಿನ್ಯಾಕ್ ಫ್ಲೋರೈಡ್ ಲವಣಗಳ ಮೂಲಕ ಬೇರ್ಪಡಿಸಿದರು. ಟ್ಯಾಂಟಲಂ K₂TaF₇ ಆಗಿ ಬೇಗ ಹರಳುಗಟ್ಟುತ್ತದೆ. ನಿಯೋಬಿಯಂ ಆಕ್ಸಿಜನ್ ಸೇರಿಸಿಕೊಂಡು K₂NbOF₅ ಆಗಿ ದ್ರಾವಣದಲ್ಲಿ ಉಳಿಯುತ್ತದೆ.

ಬಲಕ್ಕೆ ಹೋದಂತೆ ಈ ಹೋಲಿಕೆ ಹೀಗೇ ಇರುತ್ತದಾ?

ಗಾತ್ರದ ಹೋಲಿಕೆ ಬಹಳ ದೂರ ಬರುತ್ತದೆ. ಮಾಲಿಬ್ಡಿನಂ ಮತ್ತು ಟಂಗ್‌ಸ್ಟನ್ ಎರಡೂ 139 ಪಿಕೋಮೀಟರ್. ಬೆಳ್ಳಿ ಮತ್ತು ಚಿನ್ನ ಎರಡೂ 144. ಆದರೆ ಗುಣಗಳ ಹೋಲಿಕೆ ಅಷ್ಟು ದೂರ ಬರುವುದಿಲ್ಲ. ಬೆಳ್ಳಿಗೂ ಚಿನ್ನಕ್ಕೂ ಬಣ್ಣವೇ ಬೇರೆ. ಹನ್ನೆರಡನೇ ಗುಂಪಿಗೆ ಬಂದರೆ ಗಾತ್ರವೂ ಕೈಬಿಡುತ್ತದೆ. Cd²⁺ ಅಯಾನು 95, Hg²⁺ ಅಯಾನು 102. ಒಂದು ಲೋಹ ಗಟ್ಟಿ, ಇನ್ನೊಂದು ದ್ರವ.

ಇಲ್ಲಿ ಇನ್ನೊಂದು ಕಾರಣ ಸೇರಿಕೊಳ್ಳುತ್ತದೆ. ನ್ಯೂಕ್ಲಿಯಸ್ಸಿನ ಚಾರ್ಜ್ 80ರ ಹತ್ತಿರ ಬಂದಾಗ ಒಳಗಿನ ಎಲೆಕ್ಟ್ರಾನುಗಳ ವೇಗ ಬೆಳಕಿನ ವೇಗದ ಅರ್ಧವನ್ನೂ ದಾಟುತ್ತದೆ. ಸಾಪೇಕ್ಷತೆಯ ಪರಿಣಾಮ ಶುರುವಾಗುತ್ತದೆ. s ಆರ್ಬಿಟಲ್‌ಗಳು ಒಳಕ್ಕೆ ಎಳೆದುಕೊಳ್ಳುತ್ತವೆ, d ಮತ್ತು f ಆರ್ಬಿಟಲ್‌ಗಳು ಸ್ವಲ್ಪ ಹೊರಕ್ಕೆ ಸರಿಯುತ್ತವೆ. ಚಿನ್ನದ ಬಣ್ಣ, ಪಾದರಸದ ದ್ರವರೂಪ ಇವೆಲ್ಲ ಹೆಚ್ಚಾಗಿ ಇದರ ಫಲ. ಲ್ಯಾಂಥನಾಯ್ಡ್ ಸಂಕೋಚನದಲ್ಲೂ ಇದರ ಒಂದು ಸಣ್ಣ ಪಾಲು ಇದೆ. ಹಾಗಾಗಿ "ಚಿನ್ನ ಹೀಗಿರುವುದಕ್ಕೆ ಲ್ಯಾಂಥನಾಯ್ಡ್ ಸಂಕೋಚನವೇ ಕಾರಣ" ಅಂತ ಬರೆದದ್ದು ಕಂಡರೆ ಅದು ಅರ್ಧ ಸತ್ಯ.

ಅಯಾನೀಕರಣ ಶಕ್ತಿಯೂ ಒಂದೇ ಇರಬೇಕಲ್ಲವೇ?

ಇಲ್ಲ, ಸಾಮಾನ್ಯವಾಗಿ ಆರನೇ ಆವರ್ತದ್ದೇ ಜಾಸ್ತಿ. ದೂರ ಅಷ್ಟೇ ಇದೆ, ಒಳಗಿನ ಸೆಳೆತ ಹೆಚ್ಚಿದೆ. ಎಲೆಕ್ಟ್ರಾನ್ ಕೀಳುವುದು ಕಷ್ಟವಾಗುತ್ತದೆ. ಜಿರ್ಕೋನಿಯಂಗೆ ಮೋಲ್‌ಗೆ 640 ಕಿಲೋಜೂಲ್, ಹಾಫ್ನಿಯಂಗೆ 659. ಇಲ್ಲಿ ಅಂತರ ಸಣ್ಣದು. ಬೆಳ್ಳಿಗೆ 731, ಚಿನ್ನಕ್ಕೆ 890. ಅಂತರ ದೊಡ್ಡದಾಯಿತು. ಪ್ಲಾಟಿನಂ, ಚಿನ್ನ ಸುಲಭಕ್ಕೆ ತುಕ್ಕು ಹಿಡಿಯದಿರುವುದಕ್ಕೆ ಇದೂ ಒಂದು ಕಾರಣ.

ಕರಗುವ ಬಿಂದುವೂ ಹಾಗೇ. ಜಿರ್ಕೋನಿಯಂ 1855 ಡಿಗ್ರಿ ಸೆಲ್ಸಿಯಸ್‌ನಲ್ಲಿ ಕರಗಿದರೆ ಹಾಫ್ನಿಯಂ 2233ರಲ್ಲಿ. 5d ಎಲೆಕ್ಟ್ರಾನುಗಳು ಪಕ್ಕದ ಪರಮಾಣುಗಳ ಜೊತೆ 4d ಎಲೆಕ್ಟ್ರಾನುಗಳಿಗಿಂತ ಚೆನ್ನಾಗಿ ಬೆಸೆದುಕೊಳ್ಳುತ್ತವೆ. ಗಾತ್ರ ಒಂದೇ ಅಂದ ಮಾತ್ರಕ್ಕೆ ಎಲ್ಲ ಗುಣವೂ ಒಂದೇ ಅಂತ ಬರೆದರೆ ತಪ್ಪಾಗುತ್ತದೆ.

ಯೂರೋಪಿಯಂ ಲೋಹದ ತ್ರಿಜ್ಯ ಅಕ್ಕಪಕ್ಕದವಕ್ಕಿಂತ ದೊಡ್ಡದು ಅಂತ ನೋಡಿದೆ. ಸಂಕೋಚನ ಅಲ್ಲಿ ನಿಂತುಹೋಯಿತಾ?

ನಿಂತಿಲ್ಲ. 3+ ಅಯಾನುಗಳ ಸಾಲಿನಲ್ಲಿ ಯೂರೋಪಿಯಂ ತನ್ನ ಜಾಗದಲ್ಲೇ ಇದೆ. ಲೋಹದಲ್ಲಿ ಮಾತ್ರ ಯೂರೋಪಿಯಂ ಮತ್ತು ಇಟರ್ಬಿಯಂ ಮೂರರ ಬದಲು ಎರಡೇ ಎಲೆಕ್ಟ್ರಾನನ್ನು ಹಂಚಿಕೆಗೆ ಬಿಡುತ್ತವೆ. 4f ಅನ್ನು ಅರ್ಧ ಅಥವಾ ಪೂರ್ತಿ ತುಂಬಿಸಿ ಇಟ್ಟುಕೊಳ್ಳುವುದು ಅವಕ್ಕೆ ಅನುಕೂಲ. ಬೆಸುಗೆ ಸಡಿಲವಾಗುತ್ತದೆ, ಪರಮಾಣುಗಳು ದೂರ ನಿಲ್ಲುತ್ತವೆ. ಹಾಗಾಗಿ ಸಂಕೋಚನದ ಗ್ರಾಫ್ ಬರೆಯುವಾಗ ಲೋಹದ ತ್ರಿಜ್ಯ ಬೇಡ, 3+ ಅಯಾನಿನ ತ್ರಿಜ್ಯ ತೆಗೆದುಕೊಳ್ಳಿ.

ಯಿಟ್ರಿಯಂ ಲ್ಯಾಂಥನಾಯ್ಡ್ ಅಲ್ಲ. ಆದರೂ ಅವುಗಳ ಅದಿರಿನಲ್ಲೇ ಯಾಕೆ ಸಿಗುತ್ತದೆ?

ಸಂಕೋಚನ ಆ ಸಾಲನ್ನು ಯಿಟ್ರಿಯಂನ ಗಾತ್ರದವರೆಗೆ ಇಳಿಸಿದೆ, ಅದಕ್ಕೆ. ಲ್ಯಾಂಥನಂ 103ರಲ್ಲಿ ಶುರುವಾಗುತ್ತದೆ. ಯಿಟ್ರಿಯಂ 90.0. ಇಳಿಯುತ್ತಾ ಬರುವ ಸಾಲು ಹೋಲ್ಮಿಯಂ ಹತ್ತಿರ, 90.1ರಲ್ಲಿ, ಯಿಟ್ರಿಯಂ ಪಕ್ಕ ಹಾದುಹೋಗುತ್ತದೆ. ಖನಿಜ ಹರಳುಗಟ್ಟುವಾಗ ನೋಡುವುದು ಚಾರ್ಜ್ ಮತ್ತು ಗಾತ್ರ. ಹಾಗಾಗಿ ಯಿಟ್ರಿಯಂ, ಡಿಸ್ಪ್ರೋಸಿಯಂ, ಹೋಲ್ಮಿಯಂ, ಎರ್ಬಿಯಂ ಎಲ್ಲ ಒಂದೇ ಹರಳಿನಲ್ಲಿ ಸೇರಿಕೊಳ್ಳುತ್ತವೆ. ಸ್ವೀಡನ್ನಿನ ಇಟರ್ಬಿ ಹಳ್ಳಿಯ ಕಪ್ಪು ಕಲ್ಲಿನಿಂದ 1794ರಲ್ಲಿ ಗ್ಯಾಡೋಲಿನ್ ಬೇರ್ಪಡಿಸಿದ ಯಿಟ್ರಿಯಾ ಒಂದೇ ವಸ್ತು ಅನಿಸಿತ್ತು. ಮುಂದಿನ ಸುಮಾರು ನೂರು ವರ್ಷ ಅದರೊಳಗಿಂದ ಒಂದೊಂದೇ ಹೊಸ ಧಾತು ಹೊರಬರುತ್ತಲೇ ಇತ್ತು. ಸ್ಕ್ಯಾಂಡಿಯಂ ಅದೇ ಗುಂಪಿನದಾದರೂ ಅದರ ಅಯಾನು 74.5 ಪಿಕೋಮೀಟರ್ ಮಾತ್ರ. ಸಾಲಿನ ಕೊನೆಯ ಲುಟೀಷಿಯಂ ಕೂಡ ಅಷ್ಟು ಕೆಳಗೆ ಇಳಿಯುವುದಿಲ್ಲ.